ಐವತ್ತರಲ್ಲಿ ನಿವೃತ್ತಿಯ ಗಂಟಿನ ಲೆಕ್ಕ: ನಿಮ್ಮ ಆಯುಷ್ಯ ಬಿಡಿ, ಮನೆಯವರ ವಯಸ್ಸು ಹಿಡಿಯಿರಿ

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನನಗ ಈಗ 50, ನಮ್ಮ ಮನಿಯವರಿಗೆ 46. ಬೆಳಗಾವಿ ಉದ್ಯಮಬಾಗದಾಗ ಒಂದ್ ಫೌಂಡ್ರಿಯೊಳಗ 25 ವರ್ಷದಿಂದ ಸ್ಟೋರ್ಸ್ ನೋಡ್ಕೊತೀನಿ, 60ಕ್ಕ ರಿಟೈರ್. ಕೈಗೆ 58 ಸಾವಿರ ಬರತೈತಿ, 45 ಸಾವಿರ ಖರ್ಚ್ ಆಗತೈತಿ. ಅದರಾಗ ಮನಿ ಸಾಲದ ಕಂತ 12 ಸಾವಿರ (ಇನ್ನ 6 ವರ್ಷ), ಹುಡುಗರ ಸಾಲಿ-ಕಾಲೇಜಿಗೆ 9 ಸಾವಿರ. ಪಿಎಫ್ 16 ಲಕ್ಷ ಐತಿ, ಎಫ್‌ಡಿ 6 ಲಕ್ಷ, 58ಕ್ಕ ಮುಗಿಯೂ ಎಲ್‌ಐಸಿ ಒಂದ್ ಐತಿ, ಅದರ ಕಂತ ದೀಪಾವಳಿ ಬೋನಸ್‌ನ್ಯಾಗ ತುಂಬತೀನಿ. ವಡಗಾವಿಯೊಳಗ ಸ್ವಂತ ಮನಿ, ಮ್ಯಾಲಿನ ಎರಡ ಖೋಲಿ ಖಾಲಿ ಅದಾವು. ಬೈಲಹೊಂಗಲ ಕಡೆ ಅಪ್ಪನ ಹೆಸರಿನ್ಯಾಗ ಹೊಲ ಐತಿ. ನಮ್ಮಣ್ಣ "ಬ್ಯಾಂಕಿನ್ಯಾಗ 50 ಲಕ್ಷ ಇದ್ರ ಬಡ್ಡಿ ಮ್ಯಾಲ ಆರಾಮ ಇರ್ತಿ" ಅಂತಾನ. ಮೊಬೈಲ್‌ನ್ಯಾಗ ಲೆಕ್ಕ ಹಾಕಿದ್ರ 3 ಕೋಟಿ 70 ಲಕ್ಷ ಬಂತು, ಆವತ್ತ ರಾತ್ರಿ ನಿದ್ದಿ ಹತ್ತಲಿಲ್ಲ. ನಮ್ಮಪ್ಪ 68ಕ್ಕ ಹೋದ್ರು, ನಾ ಯಾಕ 90ರ ತನಕಾ ಲೆಕ್ಕ ಹಿಡೀಬೇಕು? ಖರೇ ಎಷ್ಟ ಬೇಕ್ರೀ?

ಉತ್ತರ: ನಮಸ್ಕಾರ. ನನ್ನ ಲೆಕ್ಕದಲ್ಲಿ ನೀವು ನಿವೃತ್ತರಾಗುವ ದಿನ ಸುಮಾರು 2 ಕೋಟಿ 10 ಲಕ್ಷ ಬೇಕು. ಇದು ಹತ್ತು ವರ್ಷ ಮುಂದಿನ ರೂಪಾಯಿ ಅನ್ನುವುದು ನೆನಪಿರಲಿ. ಇವತ್ತಿನ ಬೆಲೆಗೆ ಇಳಿಸಿದರೆ 1 ಕೋಟಿ 17 ಲಕ್ಷದಷ್ಟು. ಆ 2 ಕೋಟಿ 10 ಲಕ್ಷದಲ್ಲಿ 80 ಲಕ್ಷ ನೀವು ಬೇರೇನೂ ಮಾಡದಿದ್ದರೂ ಬಂದು ಸೇರುತ್ತದೆ. ಉಳಿದದ್ದಕ್ಕೆ ದಾರಿ ಇದೆ, ಆದರೆ ಸಲೀಸಾದ ದಾರಿಯಲ್ಲ. ಈ ಸಂಖ್ಯೆ ಎಲ್ಲಿಂದ ಬಂತು ಎಂದು ಒಂದೊಂದೇ ಮೆಟ್ಟಿಲು ತೋರಿಸುತ್ತೇನೆ. ಒಂದು ಕಾಗದ ಮುಂದಿಟ್ಟುಕೊಂಡು, ಸಾಧ್ಯವಾದರೆ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಈ ಲೆಕ್ಕ ನಿಮಗಿಂತ ಹೆಚ್ಚಾಗಿ ಅವರದು.

ಮೊದಲು ಖರ್ಚು. 45 ಸಾವಿರವನ್ನು ಹಾಗೇ ಎತ್ತಿ ಲೆಕ್ಕಕ್ಕೆ ಹಾಕುವುದು ತಪ್ಪು, ನಿಮ್ಮ ಮೊಬೈಲ್ ಮಾಡಿದ ತಪ್ಪೂ ಅದೇ. ಸಾಲದ ಕಂತು ನಿಮಗೆ 56 ಆಗುವಷ್ಟರಲ್ಲಿ ಮುಗಿಯುತ್ತದೆ, ಮಕ್ಕಳ ಓದು ಅದಕ್ಕೂ ಮೊದಲೇ ಮುಗಿಯುತ್ತದೆ. ಈ ಎರಡೂ ಸೇರಿ 21 ಸಾವಿರ, ಅರವತ್ತರ ನಂತರ ಇರುವುದಿಲ್ಲ. ಉಳಿಯುವುದು 24 ಸಾವಿರ. ಇಲ್ಲಿಗೆ ನಿಲ್ಲಿಸಿದರೆ ಅದು ಇನ್ನೊಂದು ತಪ್ಪು. ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿ ತಿಂಗಳ ಖರ್ಚು ಹೇಳುತ್ತಾರೆಯೇ ಹೊರತು ವರ್ಷದ ಖರ್ಚು ಹೇಳುವುದಿಲ್ಲ. ಪಂಚಮಿಗೆ ತಂಗಿಯನ್ನು ಕರೆತರುವುದು, ಮದುವೆ ಮನೆಗಳ ಆಹೇರಿ, ಎಲ್ಲಮ್ಮನ ಗುಡ್ಡಕ್ಕೆ ಗಾಡಿ ಮಾಡಿಕೊಂಡು ಹೋಗಿ ಬರುವುದು, ಮನೆಪಟ್ಟಿ, ಗಾಡಿಯ ಟಾಯರು, ಮೂರು ವರ್ಷಕ್ಕೊಮ್ಮೆ ಸುಣ್ಣಬಣ್ಣ, ಕೆಟ್ಟು ಕೂತ ಫ್ರಿಜ್ಜು. ಇವನ್ನೆಲ್ಲ ಕೂಡಿಸಿದರೆ ನಿಮ್ಮಂಥ ಮನೆಯಲ್ಲಿ ವರ್ಷಕ್ಕೆ 60 ಸಾವಿರಕ್ಕೆ ಕಡಿಮೆ ಬರುವುದನ್ನು ನಾನು ನೋಡಿಲ್ಲ. ಅಂದರೆ ತಿಂಗಳಿಗೆ 5 ಸಾವಿರ.

ಇನ್ನೊಂದು ಖರ್ಚು ಈಗ ನಿಮ್ಮ ಕಣ್ಣಿಗೇ ಬೀಳುತ್ತಿಲ್ಲ, ಯಾಕೆಂದರೆ ಅದನ್ನು ಬೇರೆಯವರು ಕೊಡುತ್ತಿದ್ದಾರೆ. ಸಾಮಾನ್ಯವಾಗಿ ಕಂಪನಿಯೇ ಗುಂಪು ಆರೋಗ್ಯ ವಿಮೆ ಮಾಡಿಸಿರುತ್ತದೆ. ಕೆಲಸ ಬಿಟ್ಟ ದಿನ ಅದೂ ಬಿಡುತ್ತದೆ. ಅರವತ್ತರ ಆಸುಪಾಸಿನ ಗಂಡ ಹೆಂಡತಿಗೆ ಸ್ವಂತ ವಿಮೆಯ ಕಂತು ಮತ್ತು ಬಿಪಿ, ಶುಗರ್ ಗುಳಿಗೆ ಸೇರಿಸಿ ಇವತ್ತಿನ ಬೆಲೆಯಲ್ಲೇ ತಿಂಗಳಿಗೆ 6 ಸಾವಿರ ಹಿಡಿಯಿರಿ. ಇನ್ನೊಂದು ಮಾತು: ಆ ವಿಮೆಯನ್ನು ಈಗಲೇ, ಇಬ್ಬರೂ ಗಟ್ಟಿಯಾಗಿರುವಾಗಲೇ, ಕಂಪನಿಯದು ಇದ್ದರೂ ಪ್ರತ್ಯೇಕವಾಗಿ ತೆಗೆದುಕೊಳ್ಳಿ. ಈಗಿನ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ವಿಮಾ ಕಂಪನಿ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. ಆ ಕಾಯುವ ಕಾಲ ನೀವು ನೌಕರಿಯಲ್ಲಿರುವಾಗಲೇ ಕಳೆದುಹೋಗಲಿ.

ಹೀಗೆ 24 ಸಾವಿರ, 5 ಸಾವಿರ, 6 ಸಾವಿರ ಸೇರಿ ಇವತ್ತಿನ ಲೆಕ್ಕಕ್ಕೆ 35 ಸಾವಿರ. ಮುಂದಿನದೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಇಲ್ಲಿ ಸಾವಿರ ರೂಪಾಯಿ ತಪ್ಪಿದರೆ ಕೊನೆಗೆ ಐದಾರು ಲಕ್ಷ ತಪ್ಪುತ್ತದೆ. ಆದ್ದರಿಂದ ನನ್ನ 35 ಸಾವಿರವನ್ನು ಹಾಗೇ ನಂಬಬೇಡಿ. ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್ಕು ಮತ್ತು ಕಿರಾಣಿ ಅಂಗಡಿಯ ಉದ್ರಿ ವಹಿ ಎದುರಿಟ್ಟುಕೊಂಡು ನೀವೇ ಕೂಡಿಸಿ.

ಇನ್ನು ಬೆಲೆ ಏರಿಕೆ. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಅದರ ಆಚೀಚೆ ಶೇ. 2. ಹಾಗಿದ್ದರೆ 4 ಹಿಡಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು. ಸರ್ಕಾರದ ಸೂಚ್ಯಂಕ ಅಳೆಯುವುದು ಒಂದೇ ಬುಟ್ಟಿಯ ಸಾಮಾನಿನ ಬೆಲೆಯನ್ನು. ನಮ್ಮ ಮನೆಯ ಬುಟ್ಟಿಗೆ ವರ್ಷ ವರ್ಷ ಹೊಸ ಸಾಮಾನು ಬಂದು ಸೇರುತ್ತಿರುತ್ತದೆ. ಇತ್ತೀಚೆಗೆ ಶಹಾಪುರದ ದಂಪತಿ ನನ್ನ ಬಳಿ ಬಂದಿದ್ದರು. ಆಕೆ ಖರ್ಚು ಬರೆದಿಡುವವರು. ಕೆಂಪು ರಟ್ಟಿನ ಎರಡು ವಹಿ ಮೇಜಿನ ಮೇಲಿಟ್ಟರು, ಒಂದು 2014ರದು, ಇನ್ನೊಂದು 2024ರದು. ಮೊದಲನೆಯದರಲ್ಲಿ ತಿಂಗಳಿಗೆ 14 ಸಾವಿರ, ಎರಡನೆಯದರಲ್ಲಿ 26,500. ವರ್ಷಕ್ಕೆ ಶೇ. 6.6ರಷ್ಟು ಏರಿತ್ತು. ಜೋಳ, ಎಣ್ಣೆ, ಹಾಲು ಏರಿದ್ದು ಸರಿ. ಅದರ ಜೊತೆಗೆ 2014ರ ವಹಿಯಲ್ಲಿ ಇಲ್ಲವೇ ಇಲ್ಲದ ಸಾಲುಗಳು ಎರಡನೆಯದರಲ್ಲಿದ್ದವು: ಮನೆಗೆ ಇಂಟರ್ನೆಟ್, ನಾಲ್ಕು ಮೊಬೈಲ್ ರೀಚಾರ್ಜು, ನೀರು ಶುದ್ಧ ಮಾಡುವ ಯಂತ್ರದ ಸರ್ವಿಸು. ಇವು ಬೆಲೆ ಏರಿಕೆಯಲ್ಲ, ಬದುಕು ಬದಲಾದದ್ದು. ಆದರೆ ಕಿಸೆಗೆ ಎರಡೂ ಒಂದೇ.

ಆದ್ದರಿಂದ ಮನೆಖರ್ಚಿಗೆ ಶೇ. 6, ಔಷಧ ಮತ್ತು ವಿಮೆಗೆ ಶೇ. 10 ಹಿಡಿದಿದ್ದೇನೆ. ವಿಮೆಯ ಕಂತು ಎರಡು ಕಾರಣಕ್ಕೆ ಏರುತ್ತದೆ: ಆಸ್ಪತ್ರೆ ದುಬಾರಿಯಾಗುತ್ತದೆ, ನಿಮಗೂ ವಯಸ್ಸಾಗುತ್ತದೆ. ಹತ್ತು ವರ್ಷದಲ್ಲಿ 29 ಸಾವಿರದ ಮನೆಖರ್ಚು ಸುಮಾರು 52 ಸಾವಿರ ಆಗುತ್ತದೆ, 6 ಸಾವಿರದ ಆರೋಗ್ಯದ ಖರ್ಚು 15,600ರ ಹತ್ತಿರ ಬರುತ್ತದೆ. ಸೇರಿ 67,500. ವರ್ಷಕ್ಕೆ 8 ಲಕ್ಷ 10 ಸಾವಿರ. ನಿವೃತ್ತಿಯ ಮೊದಲ ವರ್ಷದ ಖರ್ಚು ಇದು. ಅರವತ್ತರ ನಂತರ ಒಟ್ಟು ಖರ್ಚಿಗೆ ಒಂದೇ ಶೇ. 6 ಇಟ್ಟಿದ್ದೇನೆ. ಔಷಧದ ಖರ್ಚು ಅದಕ್ಕಿಂತ ಹೆಚ್ಚೇ ಏರುತ್ತದೆ, ಆದರೆ ಎಪ್ಪತ್ತು ದಾಟಿದ ಮೇಲೆ ತಿರುಗಾಟ, ಬಟ್ಟೆಬರೆ, ಗಾಡಿ ಎಲ್ಲ ಕಡಿಮೆಯಾಗುವುದನ್ನು ಕಂಡಿದ್ದೇನೆ.

ಈಗ ಎಷ್ಟು ವರ್ಷ ಎನ್ನುವ ಪ್ರಶ್ನೆಗೆ ಬರೋಣ. ನಿಮ್ಮ ತಂದೆಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ತಂದೆಯೂ ಬೇಗ ಹೋದವರೇ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಒಂದು ಕಾರಣ, ಆ ಮೇಲೆ 24 ವರ್ಷ ನಮ್ಮವ್ವ ಹೇಗೆ ಬದುಕಿದರು ಎಂಬುದನ್ನು ನೋಡಿದ್ದು.

ಭಾರತದಲ್ಲಿ ಸರಾಸರಿ ಆಯುಷ್ಯ 70 ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಅದು ಹುಟ್ಟಿದ ಮಗುವಿನ ಲೆಕ್ಕ. ತೊಟ್ಟಿಲಲ್ಲೇ ಹೋದ ಕೂಸುಗಳು, ಇಪ್ಪತ್ತೈದಕ್ಕೆ ಅಪಘಾತದಲ್ಲಿ ಹೋದವರು ಎಲ್ಲರೂ ಆ ಸರಾಸರಿಯಲ್ಲಿದ್ದಾರೆ. ಆ ಗಂಡಾಂತರಗಳನ್ನೆಲ್ಲ ದಾಟಿ ಅರವತ್ತಕ್ಕೆ ಬಂದವರ ಲೆಕ್ಕವೇ ಬೇರೆ. ನಮ್ಮ ದೇಶದ ಮಾದರಿ ನೋಂದಣಿ ವ್ಯವಸ್ಥೆಯ ಆಯುಷ್ಯ ಕೋಷ್ಟಕದ ಪ್ರಕಾರ ಅರವತ್ತು ತಲುಪಿದವರು ಅಲ್ಲಿಂದ ಸರಾಸರಿ ಇನ್ನೂ 18 ವರ್ಷದಷ್ಟು ಬದುಕುತ್ತಾರೆ, ಹೆಂಗಸರು ಗಂಡಸರಿಗಿಂತ ಸ್ವಲ್ಪ ಹೆಚ್ಚು. ಅದೂ ಸರಾಸರಿಯೇ. ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಅದನ್ನು ದಾಟಿ ಹೋಗುತ್ತಾರೆ. ಸರಾಸರಿಗೆ ಗಂಟು ಕಟ್ಟಿದರೆ ಅರ್ಧ ಮಂದಿಯ ಗಂಟು ಅವರು ಬದುಕಿರುವಾಗಲೇ ಮುಗಿಯುತ್ತದೆ ಎಂದಾಯಿತು.

ನಿಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಇದೆ. ನೀವು ನಿವೃತ್ತರಾದಾಗ ಮನೆಯವರಿಗೆ ಇನ್ನೂ 56. ಅವರು 90ರವರೆಗೆ ಇರುತ್ತಾರೆಂದು ಹಿಡಿದರೆ ಗಂಟು ಬಾಳಬೇಕಾದದ್ದು 34 ವರ್ಷ. ನೀವು 90ರವರೆಗೆ ಲೆಕ್ಕ ಹಿಡಿಯಬೇಕಿಲ್ಲ, ನಿಮ್ಮ ಮಾತು ಒಪ್ಪಿದೆ. ನಾನು ನಿಮ್ಮದನ್ನು 80ಕ್ಕೇ ನಿಲ್ಲಿಸಿದ್ದೇನೆ. ಆದರೆ ಅವರದನ್ನು 90ಕ್ಕಿಂತ ಈಚೆಗೆ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಇಬ್ಬರ 20 ವರ್ಷ, ಆಮೇಲೆ ಅವರೊಬ್ಬರ 14 ವರ್ಷ. ಒಬ್ಬರಾದಾಗ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಕರೆಂಟು, ಮನೆಪಟ್ಟಿ, ಕೆಲಸದವಳ ಪಗಾರ ಅಷ್ಟೇ ಇರುತ್ತವೆ. ಹತ್ತಕ್ಕೆ ಏಳರಷ್ಟು ಉಳಿಯುತ್ತದೆ ಎಂದು ಹಿಡಿದಿದ್ದೇನೆ.

ಈಗ ನಿಮ್ಮ ಅಣ್ಣನ ಮಾತು ತೂಗೋಣ. 50 ಲಕ್ಷಕ್ಕೆ ಶೇ. 7ರ ಬಡ್ಡಿ ತಿಂಗಳಿಗೆ 29 ಸಾವಿರ. ಇವತ್ತಿನ ಖರ್ಚಿಗೇ ಕಡಿಮೆ ಬೀಳುತ್ತದೆ. ಅಣ್ಣನಿಗಾಗಿ ಇನ್ನೂ ಧಾರಾಳವಾಗೋಣ: ನಿಮಗೆ 60 ಆದಾಗ ಕೈಯಲ್ಲಿ 1 ಕೋಟಿ 16 ಲಕ್ಷ ಇದೆ ಎನ್ನೋಣ. ಬಡ್ಡಿ ಸರಿಯಾಗಿ 67,500 ಬರುತ್ತದೆ. ಮೊದಲ ವರ್ಷ ಎಲ್ಲ ಸರಿ. ಎರಡನೇ ವರ್ಷ ಖರ್ಚು 71,500 ಆಗುತ್ತದೆ, ಬಡ್ಡಿ ಮಾತ್ರ ಅಷ್ಟೇ. ನಾಲ್ಕು ಸಾವಿರ ಅಸಲಿನಿಂದ ತೆಗೆಯುತ್ತೀರಿ. ಸಣ್ಣದು ಅನಿಸುತ್ತದೆ, ಯಾರಿಗೂ ಗಾಬರಿಯಾಗುವುದಿಲ್ಲ. ಮುಂದಿನ ವರ್ಷ ಅಸಲು ಕಡಿಮೆಯಾದ್ದರಿಂದ ಬಡ್ಡಿಯೂ ಇಳಿಯುತ್ತದೆ, ಖರ್ಚು ಮತ್ತೆ ಏರಿರುತ್ತದೆ. ಹನ್ನೆರಡು ವರ್ಷಕ್ಕೆ ಖರ್ಚು ಎರಡು ಪಟ್ಟು. ನಿಮಗೆ 77 ಆಗುವ ಹೊತ್ತಿಗೆ ಅಸಲು, ಬಡ್ಡಿ ಎರಡೂ ಮುಗಿದಿರುತ್ತವೆ. ಆಗ ಮನೆಯವರಿಗೆ 73. ಬಡ್ಡಿಯ ಮೇಲೆ ಬದುಕುವುದು ನಮ್ಮ ಹಿರಿಯರ ಕಾಲಕ್ಕೆ ಹೊಂದುತ್ತಿತ್ತು. ನಿವೃತ್ತಿಯಾದ ಮೇಲೆ ಹತ್ತು ಹನ್ನೆರಡು ವರ್ಷವಷ್ಟೇ ಬದುಕುತ್ತಿದ್ದರು, ಜೋಳ, ಕಾಳು ಹೊಲದಿಂದ ಬರುತ್ತಿದ್ದವು.

ಹಾಗಾದರೆ ಗಂಟು ಎಷ್ಟಿರಬೇಕು? ಬಡ್ಡಿ ಎಷ್ಟು ಎನ್ನುವುದಕ್ಕಿಂತ ಬಡ್ಡಿ ಬೆಲೆ ಏರಿಕೆಗಿಂತ ಎಷ್ಟು ಮುಂದಿದೆ ಎನ್ನುವುದೇ ಇದನ್ನು ತೀರ್ಮಾನಿಸುತ್ತದೆ. ತೆರಿಗೆ ಕಳೆದು ಶೇ. 7 ಗಳಿಕೆ, ಶೇ. 6 ಏರಿಕೆ ಎಂದರೆ ನಿಮ್ಮ ಹಣ ನಿಜವಾಗಿ ಬೆಳೆಯುವುದು ವರ್ಷಕ್ಕೆ ಶೇ. 1ಕ್ಕೂ ಚೂರು ಕಡಿಮೆ. ಅಂದರೆ ಗಂಟು ಹೆಚ್ಚು ಕಡಿಮೆ ವರ್ಷಗಳ ಸಂಖ್ಯೆಯಷ್ಟು ಪಟ್ಟು ಇರಬೇಕು, ಸ್ವಲ್ಪ ರಿಯಾಯಿತಿಯೊಂದಿಗೆ. ಮಕ್ಕಳ ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಒಂದು ಖಾನೆಯಲ್ಲಿ ಇದನ್ನು ಬರೆದು ನೋಡಿ:

```
=PV(1.07/1.06-1, 34, -1, 0, 1)
```

29.24 ಎಂದು ಬರುತ್ತದೆ. ಇಬ್ಬರೂ 34 ವರ್ಷ ಪೂರ್ತಿ ಇದ್ದರೆ ಮೊದಲ ವರ್ಷದ ಖರ್ಚಿನ 29 ಪಟ್ಟು ಬೇಕು ಎಂದರ್ಥ. ಕೊನೆಯ 14 ವರ್ಷ ಒಬ್ಬರದೇ ಖರ್ಚು ಎಂದು ಹತ್ತಕ್ಕೆ ಏಳು ಮಾಡಿದಾಗ 26 ಪಟ್ಟಿಗೆ ಇಳಿಯುತ್ತದೆ. 8 ಲಕ್ಷ 10 ಸಾವಿರದ 26 ಪಟ್ಟು, ಅದೇ 2 ಕೋಟಿ 10 ಲಕ್ಷ. 07ರ ಜಾಗದಲ್ಲಿ 08 ಹಾಕಿ, 34 ವರ್ಷದ ಆ 29 ಪಟ್ಟು 25ಕ್ಕೆ ಬಂದುಬಿಡುತ್ತದೆ. 06 ಹಾಕಿದರೆ ನೇರ 34. ಒಂದೇ ಒಂದು ಶೇಕಡಾ ಮೂವತ್ತು ನಲವತ್ತು ಲಕ್ಷ ಅಲ್ಲಾಡಿಸುತ್ತದೆ. ನಿಮ್ಮ ನಿದ್ದೆ ಕೆಡಿಸಿದ 3 ಕೋಟಿ 70 ಲಕ್ಷದ ಗುಟ್ಟೂ ಇಲ್ಲೇ ಇದೆ. ಸಾಲದ ಕಂತು, ಮಕ್ಕಳ ಫೀ ಸೇರಿದ ಪೂರ್ತಿ 45 ಸಾವಿರವನ್ನು ಶೇ. 7ರಂತೆ ಏರಿಸಿ, ಗಳಿಕೆಯನ್ನೂ ಅದೇ 7 ಇಟ್ಟು, 95ರವರೆಗೆ ಓಡಿಸಿದರೆ ಸರಿಸುಮಾರು ಅದೇ ಮೊತ್ತ ಬರುತ್ತದೆ. ಯಂತ್ರದ ಗುಣಾಕಾರ ತಪ್ಪಲ್ಲ, ಅದಕ್ಕೆ ಕೊಟ್ಟದ್ದು ತಪ್ಪು. ಮುಗಿಯಲಿರುವ ಸಾಲವನ್ನು 35 ವರ್ಷ ಕಟ್ಟಿಸಿತು.

ಇನ್ನು ಈಗಾಗಲೇ ದಾರಿಯಲ್ಲಿರುವ ಹಣ. ನಿಮ್ಮ 16 ಲಕ್ಷದ ಪಿಎಫ್ ಶೇ. 8ರಂತೆ ಬೆಳೆದರೆ ಹತ್ತು ವರ್ಷಕ್ಕೆ 34 ಲಕ್ಷ ದಾಟುತ್ತದೆ. ನಿಮ್ಮ ಮೂಲ ವೇತನ ಮತ್ತು ಡಿಎ ಸೇರಿ 35 ಸಾವಿರ ಇರಬಹುದು, ವರ್ಷಕ್ಕೆ ಶೇ. 5ರಷ್ಟು ಏರಬಹುದು ಎಂದು ಊಹಿಸಿ, ಇನ್ನು ಮುಂದೆ ತುಂಬುವುದನ್ನೂ ಸೇರಿಸಿದರೆ ಒಟ್ಟು 50 ಲಕ್ಷದ ಹತ್ತಿರ. 35 ವರ್ಷದ ಸೇವೆಗೆ ಗ್ರಾಚ್ಯುಟಿ 11 ಲಕ್ಷ 50 ಸಾವಿರದಷ್ಟು. ಕೊನೆಯ ಮೂಲ ವೇತನದ 26ಕ್ಕೆ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸಿ ನೀವೇ ನೋಡಬಹುದು. ಎಲ್‌ಐಸಿಯಿಂದ 10 ಲಕ್ಷ ಬರುತ್ತದೆಂದು ಇಟ್ಟಿದ್ದೇನೆ, ನಿಮ್ಮ ಬಾಂಡ್ ನೋಡಿ ತಿದ್ದಿಕೊಳ್ಳಿ.

ಪಿಎಫ್ ಜೊತೆ ಬರುವ ಪಿಂಚಣಿಯ ಮೇಲೆ ಬಹಳ ಮಂದಿ ಭರವಸೆ ಇಟ್ಟಿರುತ್ತಾರೆ. ಅದರ ಲೆಕ್ಕ ಹೀಗೆ: ವೇತನ ಎಷ್ಟೇ ಇರಲಿ, 2014ರ ಸೆಪ್ಟೆಂಬರ್‌ವರೆಗಿನ ಸೇವೆಗೆ 6,500, ಆಮೇಲಿನದಕ್ಕೆ 15 ಸಾವಿರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹೆಚ್ಚಿನ ವೇತನದ ಮೇಲೆ ಪಿಂಚಣಿಗೆ ಒಪ್ಪಿಗೆ ಕೊಟ್ಟವರ ಮಾತು ಬೇರೆ. ನಿಮಗೆ ತಿಂಗಳಿಗೆ 5,700ರ ಆಸುಪಾಸು ಸಿಗಬಹುದು, ನಿಮ್ಮ ನಂತರ ಮನೆಯವರಿಗೆ ಅದರ ಅರ್ಧ. ಇದು ಬೆಲೆಯ ಜೊತೆ ಏರುವುದಿಲ್ಲ. ಮೊದಲ ವರ್ಷ ಖರ್ಚಿನ ಹನ್ನೆರಡನೇ ಒಂದು ಭಾಗವನ್ನು ಹೊತ್ತುಕೊಳ್ಳುವ ಈ ಹಣ ನಿಮ್ಮ 72ನೇ ವಯಸ್ಸಿಗೆ ಇಪ್ಪತ್ನಾಲ್ಕನೇ ಒಂದು ಭಾಗವಾಗುತ್ತದೆ. ಇದರ ಇಡೀ ಬೆಲೆ ಅರವತ್ತರ ದಿನಕ್ಕೆ ಎಂಟೂವರೆ ಲಕ್ಷ, ಅಷ್ಟೇ. ಎಲ್ಲ ಸೇರಿ 80 ಲಕ್ಷ. ಕೊರತೆ 1 ಕೋಟಿ 30 ಲಕ್ಷ.

6 ಲಕ್ಷದ ಎಫ್‌ಡಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಮಕ್ಕಳ ಓದಿಗೆ, ಮದುವೆಗೆ ಇರಲಿ. ಯಾಕೆಂದರೆ ನಾನು ಕಂಡ ಗಂಟುಗಳಲ್ಲಿ ಅತಿ ದೊಡ್ಡ ತೂತು ಬೀಳುವುದು ಮದುವೆಯ ವರ್ಷ. ಕೈಗೆ ಸಿಗುವ ದೊಡ್ಡ ಮೊತ್ತ ಪಿಎಫ್ ಒಂದೇ ಆಗಿರುತ್ತದೆ. ನಿಮ್ಮ 54ರಲ್ಲಿ 12 ಲಕ್ಷ ತೆಗೆದಿರಿ ಎನ್ನಿ. ಅದು 60ಕ್ಕೆ 19 ಲಕ್ಷ ಆಗಬೇಕಿದ್ದ ಹಣ. ಎರಡು ವರ್ಷ ನಾಲ್ಕು ತಿಂಗಳ ಊಟ, ಔಷಧ ಒಂದೇ ಮಂಟಪದಲ್ಲಿ ಮುಗಿದಂತೆ. ಮಗಳ ಮದುವೆ ಮಾಡಬೇಡಿ ಎನ್ನುತ್ತಿಲ್ಲ. ಮದುವೆಯ ದುಡ್ಡು ಬೇರೆ ಡಬ್ಬಿಯಲ್ಲಿರಲಿ, ಆ ಡಬ್ಬಿ ಎಷ್ಟಿದೆಯೋ ಅಷ್ಟರಲ್ಲಿ ಮದುವೆಯಾಗಲಿ.

ಇನ್ನು ಕೊರತೆ ತುಂಬುವುದು. 1 ಕೋಟಿ 30 ಲಕ್ಷವನ್ನು ಬರೀ ಉಳಿತಾಯದಿಂದ ತುಂಬಬೇಕೆಂದರೆ ತಿಂಗಳಿಗೆ 60 ಸಾವಿರಕ್ಕೂ ಮೇಲೆ ಕಟ್ಟಬೇಕು. ನಿಮ್ಮ ಪಗಾರವೇ ಅಷ್ಟಿಲ್ಲ. ಯಾರಾದರೂ ಇದನ್ನು ತುಂಬಿಸಿಕೊಡುವ ಯೋಜನೆ ಇದೆ ಎಂದು ಬಂದರೆ ಬಾಗಿಲಿನಿಂದಲೇ ಕಳಿಸಿ. ವರ್ಷಕ್ಕೆ ಶೇ. 18, 20 ಎಂದು ಆಸೆ ತೋರಿಸುವ ಸೊಸೈಟಿಗಳಲ್ಲಿ ನಿವೃತ್ತಿಯ ದುಡ್ಡು ಇಟ್ಟು ಅಳುತ್ತ ಬಂದವರನ್ನು ಈ ಜಿಲ್ಲೆಯಲ್ಲೇ ಕಂಡಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ನೀವು ಸುಮ್ಮನೆ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ, ನನ್ನ ಕಣ್ಣು ನಿಂತದ್ದು ಅಲ್ಲೇ: ಮೇಲಿನ ಎರಡು ಖೋಲಿ. ವಡಗಾವಿಯಂಥ ಜಾಗದಲ್ಲಿ ಅವಕ್ಕೆ ತಿಂಗಳಿಗೆ 6 ಸಾವಿರ ಬಾಡಿಗೆ ಬರುತ್ತದೆಂದು ಇಟ್ಟುಕೊಳ್ಳೋಣ. ಬಾಡಿಗೆಗೆ ಬ್ಯಾಂಕಿನ ಬಡ್ಡಿಗಿಲ್ಲದ ಒಂದು ಗುಣ ಇದೆ, ಅದು ಊರಿನ ಬೆಲೆಯ ಜೊತೆ ತಾನೂ ಏರುತ್ತದೆ. ನೀವು ಅರವತ್ತಾದಾಗ ಅದು 10,700 ಆಗಿರುತ್ತದೆ. ವರ್ಷಕ್ಕೆ ಒಂದು ತಿಂಗಳಷ್ಟು ಖಾಲಿ ಬಿದ್ದದ್ದು, ನಳ ರಿಪೇರಿ ಎಲ್ಲ ಕಳೆದರೂ ಈ ಆದಾಯ 34 ಲಕ್ಷದ ಗಂಟಿಗೆ ಸಮ. ಇದರ ತೊಡಕುಗಳೂ ಇವೆ: ಬಾಡಿಗೆದಾರರು ಸರಿಯಿಲ್ಲದಿದ್ದರೆ ತಲೆನೋವು, ಮುಪ್ಪಿನಲ್ಲಿ ಮನೆಯವರೊಬ್ಬರೇ ಇದ್ದಾಗ ವಸೂಲಿ ಕಷ್ಟ. ಆದ್ದರಿಂದ 11 ತಿಂಗಳ ಕರಾರುಪತ್ರ ಮಾಡಿ, ಬಾಡಿಗೆ ನೇರ ಅವರ ಖಾತೆಗೇ ಬರಲಿ, ಇವತ್ತಿನಿಂದಲೇ ಅವರಿಗೆ ರೂಢಿಯಾಗಲಿ.

ಎರಡನೆಯದು, 60ರ ನಂತರ ಮೂರು ವರ್ಷ ಏನಾದರೂ ಕೆಲಸ. ಪೂರ್ತಿ ಪಗಾರ ಬೇಕಿಲ್ಲ, ಆ ಮೂರು ವರ್ಷದ ಮನೆಖರ್ಚು ಗಂಟಿನಿಂದ ತೆಗೆಯದಂತಾದರೆ ಸಾಕು, ಕೊರತೆಯಲ್ಲಿ 24 ಲಕ್ಷ ಇಳಿಯುತ್ತದೆ. 35 ವರ್ಷ ಸ್ಟೋರ್ಸ್ ನೋಡಿದವರಿಗೆ ಉದ್ಯಮಬಾಗ, ಮಚ್ಛೆಯ ಸಣ್ಣ ಘಟಕಗಳಲ್ಲಿ ಸ್ಟಾಕ್ ಲೆಕ್ಕದ ಕೆಲಸ ಸಿಗುವ ಸಾಧ್ಯತೆ ಇದೆ. ಆದರೆ ಇದು ನಿಮ್ಮ ಆರೋಗ್ಯದ ಮೇಲೆ ನಿಂತ ಮಾತು. ಮಂಡಿ, ಕಣ್ಣು ಕೈಕೊಟ್ಟರೆ ಈ 24 ಲಕ್ಷ ಮತ್ತೆ ಕೊರತೆಗೇ ಸೇರುತ್ತದೆ. ಆದ್ದರಿಂದ ಇದನ್ನೇ ನಂಬಿ ಉಳಿತಾಯ ಕಡಿಮೆ ಮಾಡಬೇಡಿ.

ಮೂರನೆಯದು ಉಳಿತಾಯ. ವರ್ಷದ ಖರ್ಚು ಕಳೆದರೆ ನಿಮ್ಮ ಕೈಯಲ್ಲಿ ಈಗ ತಿಂಗಳಿಗೆ 8 ಸಾವಿರ ಉಳಿಯಬೇಕು. ಬಾಡಿಗೆಯ 6 ಸಾವಿರ ಸೇರಿಸಿ 14 ಸಾವಿರ ಕಟ್ಟಲು ಶುರು ಮಾಡಿ, ವರ್ಷಕ್ಕೆ ಶೇ. 5ರಷ್ಟು ಏರಿಸುತ್ತ ಹೋಗಿ. ಮಕ್ಕಳ ಓದು ಮುಗಿದಾಗ ಆ 9 ಸಾವಿರ, ಸಾಲ ತೀರಿದಾಗ ಆ 12 ಸಾವಿರ, ಎರಡೂ ಮರುತಿಂಗಳೇ ಇಲ್ಲಿಗೆ ಬರಬೇಕು. ಒಂದು ತಿಂಗಳು ತಡವಾದರೂ ಆ ದುಡ್ಡು ಹೊಸ ಖರ್ಚನ್ನು ಹುಡುಕಿಕೊಂಡುಬಿಡುತ್ತದೆ. ಸರಾಸರಿ ಶೇ. 9 ಗಳಿಕೆಯಾದರೆ 60ಕ್ಕೆ 45 ಲಕ್ಷ ಆಗುತ್ತದೆ. ಅರ್ಧವನ್ನು ಪಿಎಫ್‌ನಲ್ಲೇ ಸ್ವಯಂಪ್ರೇರಿತ ವಂತಿಗೆಯಾಗಿ ಕಟ್ಟಿ, ನಿಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟದವರೆಗೆ ಅದರ ಬಡ್ಡಿಗೆ ತೆರಿಗೆ ಇಲ್ಲ. ಇನ್ನರ್ಧವನ್ನು ಷೇರು ಸೂಚ್ಯಂಕದ ಮ್ಯೂಚುವಲ್ ಫಂಡಿನಲ್ಲಿ ಕಟ್ಟಿ. ಷೇರುಪೇಟೆ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಬೀಳಬಹುದು, ಹಿಂದೆ ಅದಕ್ಕಿಂತ ಹೆಚ್ಚೂ ಬಿದ್ದಿದೆ. ಅದು ನಿಮ್ಮ 59ರಲ್ಲಿ ಬಿದ್ದರೆ ಎದ್ದು ನಿಲ್ಲಲು ಸಮಯವಿರುವುದಿಲ್ಲ. ಹಾಗಾಗಿ 57ರಿಂದ ವರ್ಷಕ್ಕೆ ಒಂದಿಷ್ಟು ತೆಗೆದು ಠೇವಣಿಗೆ ಹಾಕುತ್ತ ಬನ್ನಿ. 60 ಆದಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 30 ಲಕ್ಷದವರೆಗೆ ಇಡಬಹುದು. ಮನೆಯವರು ತಮ್ಮದೇ ಖಾತೆ ತೆರೆಯಲು ಅವರಿಗೂ 60 ಆಗಬೇಕು.

34, 24, 45 ಸೇರಿ 1 ಕೋಟಿ 3 ಲಕ್ಷ. ಉಳಿದ ಕೊರತೆ 27 ಲಕ್ಷ, ಇವತ್ತಿನ ರೂಪಾಯಿಯಲ್ಲಿ 15 ಲಕ್ಷ. ಇಲ್ಲಿ ಬೈಲಹೊಂಗಲದ ಹೊಲ ನೆನಪಾಗಬೇಕು. ಆದರೆ ಉತಾರದಲ್ಲಿ ಇನ್ನೂ ತಂದೆಯ ಹೆಸರಿರುವ ಹೊಲವನ್ನು ನಾನು ಯಾರ ಲೆಕ್ಕದಲ್ಲೂ ಒಂದು ರೂಪಾಯಿಗೂ ಹಿಡಿಯುವುದಿಲ್ಲ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರೂ ಕೂತು ವಾಟ್ನಿ ಮಾಡಿಕೊಂಡು, ನಿಮ್ಮ ಪಾಲು ನಿಮ್ಮ ಹೆಸರಿಗೆ ಬರಲಿ. ಹೆಣ್ಣುಮಕ್ಕಳಿಗೂ ಸಮಪಾಲಿದೆ, ಅವರನ್ನು ಬಿಟ್ಟು ಮಾಡಿದ ವಾಟ್ನಿ ಮುಂದೆ ಕೋರ್ಟು ಮೆಟ್ಟಿಲು ಹತ್ತುತ್ತದೆ. ಈಗ ಎಲ್ಲರೂ ಮಾತಾಡುವ ಸ್ಥಿತಿಯಲ್ಲಿದ್ದೀರಿ. ಹೆಸರು ಬದಲಾದ ಮೇಲೆ ಲಾವಣಿಗೆ ಕೊಟ್ಟರೂ ಸರಿ, ಮಾರಿದರೂ ಸರಿ, ಈ 27 ಲಕ್ಷಕ್ಕೆ ಅದೇ ಆಸರೆ. ಅದು ಆಗದಿದ್ದರೆ ಮೂರು ವರ್ಷದ ಕೆಲಸ ಆರೇಳು ವರ್ಷಕ್ಕೆ ಬೆಳೆಯುತ್ತದೆ.

ಈ ವಾರ ಮಾಡಬೇಕಾದದ್ದು ಎರಡೇ. ಪಿಎಫ್ ಖಾತೆಗೆ ಲಾಗಿನ್ ಆಗಿ ನಾಮನಿರ್ದೇಶನದಲ್ಲಿ ಯಾರ ಹೆಸರಿದೆ ನೋಡಿ. 25 ವರ್ಷದ ಹಿಂದೆ, ಮದುವೆಗೆ ಮುಂಚೆ ತುಂಬಿದ ಅರ್ಜಿಯಲ್ಲಿ ತಂದೆಯ ಹೆಸರೇ ಉಳಿದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಎರಡನೆಯದು, ಒಂದು ಇನ್ನೂರು ಪುಟದ ವಹಿ ತಂದು ಖರ್ಚು ಬರೆಯಲು ಶುರು ಮಾಡಿ. ಸಾಲದ ಕಂತು, ಮಕ್ಕಳ ಫೀ ಬೇರೆ ಪುಟದಲ್ಲಿರಲಿ. ಒಂದು ವರ್ಷವಾದ ಮೇಲೆ ಉಳಿದ ಖರ್ಚನ್ನು ಕೂಡಿಸಿ. ಇವತ್ತಿನ 35 ಸಾವಿರ 37,100ರ ಆಸುಪಾಸು ಇದ್ದರೆ ನಾನು ಹಿಡಿದ ಶೇ. 6 ನಿಮ್ಮ ಮನೆಗೆ ಹೊಂದುತ್ತದೆ. 38,500 ಆಗಿದ್ದರೆ ಅದು ಶೇ. 10. ಒಂದು ವರ್ಷಕ್ಕೆ ತೀರ್ಪು ಕೊಡಬೇಡಿ, ಆದರೆ ಎರಡನೇ ವರ್ಷವೂ ಹಾಗೇ ಬಂದರೆ 26 ಪಟ್ಟಿನ ಈ ಲೆಕ್ಕ ನಿಮಗೆ ಸಾಲದು. ಆ ವಹಿ ತೆಗೆದುಕೊಂಡು, ಮನೆಯವರನ್ನೂ ಕರೆದುಕೊಂಡು ಬನ್ನಿ, ಮತ್ತೆ ಕೂತು ಹಾಕೋಣ.